ಮೊಟ್ಟೆ ಹಾಕದ ಒಂದು ಕಿಲೋ

ಕೇಕಿಗೆ ಫೋನು ಬರುವುದು ಬೆಳಿಗ್ಗೆ, ಕುಕ್ಕರ್ ಕೂಗುವ ಹೊತ್ತಿಗೆ. ಕೇಕು ಬೇಕಾಗಿರುವುದು ಅದೇ ಸಂಜೆಗೆ. ಬೆಲೆ ಹೇಳಿದೊಡನೆ ಆ ಕಡೆ ಸದ್ದಿಲ್ಲ. ಆಮೇಲೆ, 'ಮನೆಯಲ್ಲೇ ತಾನೇ ಅಕ್ಕ ಮಾಡುವುದು, ಅಷ್ಟೊಂದು ಯಾಕೆ?' ಕಾಫಿ ಬೆಳೆಯುವ ಚಿಕ್ಕಮಗಳೂರಿನಲ್ಲಿ ಮೈದಾ, ಸಕ್ಕರೆಯೂ ಹಿತ್ತಲಲ್ಲೇ ಬೆಳೆಯುತ್ತವೆ ಎಂದು ಇವರಿಗೆ ಯಾರು ಹೇಳಿದರೋ.

ಮೊಟ್ಟೆ ಹಾಕದ ಒಂದು ಕಿಲೋ ವೆನಿಲಾ ಕೇಕಿಗೆ ನಾನು ತೆಗೆದುಕೊಳ್ಳುವುದು 190 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದು ಬಟ್ಟಲು ಮೊಸರು, ಅರ್ಧ ಬಟ್ಟಲು ಎಣ್ಣೆ. ಇಷ್ಟಕ್ಕೆ 60 ರೂಪಾಯಿ ದಾಟುವುದಿಲ್ಲ. ದುಡ್ಡು ತಿನ್ನುವುದು ಕ್ರೀಮು. 300 ಗ್ರಾಂ ಸಾಕು, ಸುಮಾರು 80 ರೂಪಾಯಿ. ಆದರೆ ಅಂಗಡಿಯವನು ಕೊಡುವುದು ಒಂದು ಕಿಲೋ ಪೊಟ್ಟಣ. ಒಮ್ಮೆ ಕರಗಿದ ಕ್ರೀಮನ್ನು ಮತ್ತೆ ಹೆಪ್ಪುಗಟ್ಟಿಸುವ ಹಾಗಿಲ್ಲ. ಕೆಲವೇ ದಿನಗಳಲ್ಲಿ ಇನ್ನೊಂದು ಆರ್ಡರ್ ಬರದಿದ್ದರೆ ಉಳಿದದ್ದು ನನ್ನ ಖರ್ಚು. ಪೆಟ್ಟಿಗೆ, ಅಡಿಗಿಡುವ ರಟ್ಟು, ಮೇಣದಬತ್ತಿ, ಆ ಪ್ಲಾಸ್ಟಿಕ್ ಚಾಕು ಸೇರಿ ಇನ್ನೊಂದು 50. ಒಟ್ಟು 200ರ ಆಸುಪಾಸು. ಗಿರಾಕಿಯ ಲೆಕ್ಕವೂ ಇಲ್ಲಿಗೇ ನಿಲ್ಲುತ್ತದೆ.

ಓವನ್ನಿನ ಹೊತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲು ಹತ್ತು ನಿಮಿಷ ಕಾಯಿಸಬೇಕು, ಆಮೇಲೆ 180 ಡಿಗ್ರಿಯಲ್ಲಿ ಮೂವತ್ತೈದು ನಲವತ್ತು ನಿಮಿಷ, ಇಳಿಸಿದ ಮೇಲೆ ಆರಲು ಕನಿಷ್ಠ ಒಂದು ತಾಸು. ಬಿಸಿ ಕೇಕಿನ ಮೇಲೆ ಕ್ರೀಮು ಹಚ್ಚಿದರೆ ಅದು ನೀರಾಗಿ ರಟ್ಟಿಗೆ ಇಳಿಯುತ್ತದೆ. ನನ್ನ ಓವನ್ನಿನಲ್ಲಿ ಹಿಡಿಯುವುದು ಒಂದೇ ಟಿನ್ನು. ಎರಡು ಕೇಕಿನ ಹಿಟ್ಟನ್ನು ಒಟ್ಟಿಗೆ ಕಲಸಿಡೋಣವೆಂದರೆ ಮೊಸರಿನ ಹುಳಿ ತಾಗಿದೊಡನೆ ಸೋಡಾ ಗುಳ್ಳೆ ಬಿಡಲು ಶುರುಮಾಡುತ್ತದೆ. ಆ ಗುಳ್ಳೆಯೇ ಕೇಕನ್ನು ಎತ್ತಬೇಕಾದದ್ದು. ನಲವತ್ತು ನಿಮಿಷ ಕಟ್ಟೆಯ ಮೇಲೆ ಕೂತ ಹಿಟ್ಟಿನಲ್ಲಿ ಗುಳ್ಳೆಯೆಲ್ಲ ಒಡೆದು ಹೋಗಿರುತ್ತದೆ. ಬೆಂದು ಬರುವುದು ಹಲ್ವದಂಥದ್ದು.

ಇದಕ್ಕೆ ಆಷಾಢದ ಕರೆಂಟು ಸೇರಿದರೆ ಮುಗಿಯಿತು. ಹಿಂದಿನ ಬೀದಿಯ ಹುಡುಗಿಯೊಬ್ಬಳ ಹುಟ್ಟುಹಬ್ಬ, ಹೊರಗೆ ಜಡಿಮಳೆ. ಕೇಕು ಒಳಗೆ ಹೋಗಿ ಅರ್ಧ ದಾರಿಯಾಗಿತ್ತು, ನಡುಭಾಗ ಉಬ್ಬಿ ನಿಂತಿತ್ತು, ಕರೆಂಟು ಹೋಯಿತು. ಆ ಹಂತದಲ್ಲಿ ಕೇಕು ಅಂಚಿನಲ್ಲಿ ಕೇಕು, ನಡುವೆ ಇನ್ನೂ ಹಿಟ್ಟು. ಬಾಗಿಲು ಮುಚ್ಚಿಯೇ ಇದ್ದರೆ ಒಳಗಿನ ಕಾವು ಸ್ವಲ್ಪ ಹೊತ್ತು ತಡೆಯುತ್ತದೆ. ತೆಗೆದರೆ ತಣ್ಣನೆ ಗಾಳಿ ನುಗ್ಗಿ, ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ. ಅತ್ತೆ ಟಾರ್ಚು ಹಿಡಿದು ಬಂದರು. 'ಒಂದು ಸಲ ತೆಗೆದು ನೋಡಮ್ಮ.' ಬೇಡ ಅತ್ತೆ ಎಂದೆ. 'ಚೂರೇ ಚೂರು.' ಬೇಡ ಎಂದೆ. ಇಡ್ಲಿ ಬೇಯುವಾಗ ಮುಚ್ಚಳ ತೆಗೆದರೆ ನನ್ನನ್ನು ಗದರುವವರು ಇವರೇ! ನಾನು ಓವನ್ನಿಗೆ ಬೆನ್ನುಕೊಟ್ಟು ಕೂತೆ, ಅವರು ನನ್ನೆದುರು ಸ್ಟೂಲ್ ಹಾಕಿಕೊಂಡು ತಮ್ಮ ತಂಗಿಯ ಮದುವೆಯಲ್ಲಿ ಗ್ಯಾಸ್ ಮುಗಿದು ಹೋಳಿಗೆ ನಿಂತ ಕಥೆಯನ್ನು ಬೀಗರ ಹೆಸರು ಸಮೇತ ಹೇಳಿದರು. ಕಥೆ ಮುಗಿಯಿತು, ಕರೆಂಟು ಬರಲಿಲ್ಲ. ಬಂದಾಗ ಕೇಕಿನ ನಡುವೆ ಬಟ್ಟಲಿನಷ್ಟು ಹಳ್ಳ. ಮತ್ತೆ ಬೇಯಿಸಿ ಕಡ್ಡಿ ಚುಚ್ಚಿದರೆ ಕಡ್ಡಿಗೆ ಏನೂ ಅಂಟಲಿಲ್ಲ, ಅಂಚೂ ಟಿನ್ನು ಬಿಟ್ಟಿತ್ತು. ಆದರೆ ಬೆರಳಲ್ಲಿ ಒತ್ತಿದ ಗುಳಿ ಮೇಲೇಳದೆ ಹಾಗೇ ಉಳಿಯಿತು. ಕೊಯ್ದು ನೋಡಿದರೆ ಅಡಿಯಲ್ಲಿ ಬೆರಳು ದಪ್ಪದ ಅಂಟು ಪದರ. ಅದನ್ನು ಇನ್ನೆಷ್ಟು ಬೇಯಿಸಿದರೂ ಸರಿಹೋಗುವುದಿಲ್ಲ. ಹಳ್ಳಕ್ಕೆ ಕ್ರೀಮು ತುಂಬಿ ದಾಟಿಸುವವರಿದ್ದಾರೆ. ಕೇಕು ಕೊಯ್ಯುವ ತನಕ ಅವರು ಕ್ಷೇಮ. ಹಣ ವಾಪಸು ಕೊಟ್ಟೆ. ಹುಡುಗಿಯ ತಾಯಿ ಬೇಕರಿಗೆ ಓಡಿದರು, ಹೋಗುವಾಗ 'ಮನೆಯಲ್ಲಿ ಮಾಡುವವರದ್ದು ಇದೇ ಕಷ್ಟ' ಎಂದರು. ಬೇಕರಿಯವರಿಗೆ ಜನರೇಟರ್ ಇದೆ, ತಾಯಿ.

ಈಗ ಸಂಜೆಯ ಕೇಕನ್ನು ಹಿಂದಿನ ರಾತ್ರಿಯೇ ಬೇಯಿಸಿ ಸುತ್ತಿಡುತ್ತೇನೆ. ಬೆಳಿಗ್ಗೆ ಫೋನು ಮಾಡುವವರಿಗೆ ಕೇಕಿಲ್ಲ. ಅಂಥವರು ಕೂಡಲೇ, 'ಹಾಗಾದರೆ ಬರುವ ವಾರ ಮಕ್ಕಳಿಗೆ ಹಂಚಲು ಕುಕ್ಕಿಯಾದರೂ ಮಾಡಿಕೊಡಿ' ಎನ್ನುತ್ತಾರೆ. ಕುಕ್ಕಿ ಸಾಧು ಪ್ರಾಣಿ. ಅದರ ಹಿಟ್ಟು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಕಾಯುತ್ತದೆ. ಆದರೆ ಮೂವತ್ತು ಪೊಟ್ಟಣ, ಪೊಟ್ಟಣಕ್ಕೆ ನಾಲ್ಕು ಎಂದರೆ ನೂರಿಪ್ಪತ್ತು. ನನ್ನ ತಟ್ಟೆಗೆ ಹಿಡಿಯುವುದು ಹನ್ನೆರಡು. ತಟ್ಟೆಗೆ ಹದಿನೈದು ನಿಮಿಷದಂತೆ ಹತ್ತು ತಟ್ಟೆ, ಎರಡೂವರೆ ತಾಸು. ಕೊನೆಯ ತಟ್ಟೆ ಹೊರಬರುವಷ್ಟರಲ್ಲಿ ಮೊದಲ ತಟ್ಟೆಯಲ್ಲಿ ಮೂರ್ನಾಲ್ಕು ಕಾಣೆಯಾಗಿರುತ್ತವೆ, ಅತ್ತೆಯ ಕಾಫಿ ಲೋಟದ ತಳದಲ್ಲಿ ಚೂರು ಸಿಗುತ್ತದೆ. ಹಾಗಾಗಿ ಹಿಟ್ಟನ್ನು ನೂರಿಪ್ಪತ್ತೈದಕ್ಕೇ ಕಲಸುವುದು.