ಕೋಚಿಂಗ್ ಸೆಂಟರ್ ಜಾಹೀರಾತು: ಮೊದಲು ಸ್ವಲ್ಪ ಹಾಕಿ ನೋಡಬೇಕೇ?

ಪರ

ತುಮಕೂರಿನಲ್ಲಿ ಸಿಇಟಿ, ನೀಟ್ ಕೋಚಿಂಗ್ ಕೊಡುವ ಒಂದು ಸೆಂಟರ್. ಬ್ಯಾಚಿಗೆ 40 ಸೀಟು, ಫೀಸು 25,000 ಅಂತ ಇಟ್ಟುಕೊಳ್ಳೋಣ. ಮೇಷ್ಟ್ರುಗಳ ಸಂಬಳ, ಬಾಡಿಗೆ, ನೋಟ್ಸ್ ಎಲ್ಲ ಕಳೆದರೆ ಒಬ್ಬ ವಿದ್ಯಾರ್ಥಿಯಿಂದ 6,000 ಉಳಿಯುತ್ತದೆ. ಅದರಲ್ಲಿ ಒಂದು ಅಡ್ಮಿಷನ್ ತರಲು 2,500ಕ್ಕಿಂತ ಜಾಸ್ತಿ ಹಾಕಬಾರದು. ಹಳೇ ಮಕ್ಕಳ ತಮ್ಮ, ತಂಗಿ ಅಂತ 15 ಜನ ಹೇಗೂ ಬರುತ್ತಾರೆ. ಉಳಿದ 25 ಸೀಟಿಗೆ 62,500. ಬಜೆಟ್ ಅಂದರೆ ಇದೇ. ಪಕ್ಕದ ಸೆಂಟರಿನವರು ಎಷ್ಟು ಸುರಿದರು ಅನ್ನೋದು ನಮಗೆ ಬೇಡ.

ಇದರಲ್ಲಿ 15,000 ಮಾತ್ರ ಪರೀಕ್ಷೆಗೆ ಇಡಿ, ಮೂರು ಕಡೆ ಐದೈದು ಸಾವಿರ. ಮೂರಕ್ಕೂ ಬೇರೆ ಬೇರೆ ಫೋನ್ ನಂಬರ್ ಕೊಡಿ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ 60 ನಂಬರ್ ಬಂತು ಅನ್ನಿ. ಅರ್ಧ ಜನ ಫೋನೇ ಎತ್ತಲ್ಲ. ಡೆಮೊ ಕ್ಲಾಸಿಗೆ ಐವರು ಬಂದು, ಒಬ್ಬರು ಸೇರಿದರು. ಪೇಪರ್ ಒಳಗಿಟ್ಟ ಕರಪತ್ರಕ್ಕೆ ಬಂದದ್ದು 14 ಕರೆ, ಸೇರಿದ್ದು ಇಬ್ಬರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಟೆಸ್ಟ್ ಇಟ್ಟರೆ ರಿಸಲ್ಟ್ ಕೇಳಲು ಅಪ್ಪ, ಅಮ್ಮನೂ ಜೊತೆಗೆ ಬರುತ್ತಾರೆ. ಅಲ್ಲಿ ಮೂವರು ಸೇರಿದರು.

ಬರೀ ಕರೆ ಎಣಿಸಿದ್ದರೆ ಇನ್‌ಸ್ಟಾಗ್ರಾಮೇ ಅಗ್ಗ: ಒಂದು ನಂಬರಿಗೆ 83 ರೂಪಾಯಿ, ಕರಪತ್ರದಲ್ಲಿ 357. ಅಡ್ಮಿಷನ್ ಲೆಕ್ಕದಲ್ಲಿ ಅದೇ ದುಬಾರಿ, ತಲೆಗೆ 5,000. ಸ್ಕಾಲರ್‌ಶಿಪ್ ಟೆಸ್ಟಿಗೆ ಸುಮಾರು 1,670. ಉಳಿದ 47,500ರಲ್ಲಿ ಹೆಚ್ಚು ಪಾಲು ಎಲ್ಲಿಗೆ ಹೋಗಬೇಕು ಅನ್ನೋದು ಆಗ ಕಾಣುತ್ತದೆ. ಈ ಪರೀಕ್ಷೆ ಮಾಡದೆ ಪೂರ್ತಿ ದುಡ್ಡನ್ನು ಮೊಬೈಲ್ ಜಾಹೀರಾತಿಗೆ ಹಾಕಿದವರಿಗೆ ಕರೆಗಳ ಪಟ್ಟಿ ಉದ್ದ ಆಗುತ್ತದೆ, ಬೆಂಚು ಖಾಲಿ ಇರುತ್ತದೆ.

ವಿರೋಧ

ತಲೆಗೆ 2,500 ಅನ್ನುವ ಮಿತಿ ಸರಿ. ಪರೀಕ್ಷೆಯ ಫಲಿತಾಂಶವನ್ನು ನಾನು ಒಪ್ಪಲ್ಲ. ಒಬ್ಬರು, ಇಬ್ಬರು, ಮೂವರು! ಒಬ್ಬ ತಂದೆ ಮನಸ್ಸು ಬದಲಿಸಿದರೆ ಸಾಕು, ಕರಪತ್ರವೂ ಸ್ಕಾಲರ್‌ಶಿಪ್ ಟೆಸ್ಟೂ ಸಮ ಆಗುತ್ತವೆ. ಇಷ್ಟು ಸಣ್ಣ ಸಂಖ್ಯೆ ನಂಬಿ 47,500 ಹಾಕೋದು ಹೇಗೆ?

ನಂಬರ್ ಬೇರೆ ಇಟ್ಟರೂ ದಾರಿ ಬೇರೆ ಆಗಲ್ಲ. ಸಿರಾ ಗೇಟ್ ಹತ್ತಿರ ಫ್ಲೆಕ್ಸ್ ನೋಡಿದವರು ಪಕ್ಕದ ಮನೆಯವರನ್ನು ಕೇಳುತ್ತಾರೆ, ಆಮೇಲೆ ಕೈಗೆ ಸಿಕ್ಕ ಕರಪತ್ರದ ನಂಬರಿಗೆ ಕರೆ ಮಾಡುತ್ತಾರೆ. ಹೆಸರು ಕರಪತ್ರಕ್ಕೆ ಹೋಗುತ್ತದೆ. ಕಾಲವೂ ಕಡಿಮೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಪಿಯು ಕ್ಲಾಸ್ ಶುರುವಾಗೋದಕ್ಕೂ ನಡುವೆ ಕೆಲವೇ ವಾರ. ಜನವರಿಯಲ್ಲೇ ಪರೀಕ್ಷಿಸಿದರೆ ಆಗ ಯಾರೂ ಸೇರುವ ಯೋಚನೆಯಲ್ಲೇ ಇರಲ್ಲ. ಇನ್‌ಸ್ಟಾಗ್ರಾಮಿನಲ್ಲಿ ನಂಬರ್ ಕೊಟ್ಟವರು ಎರಡು ತಿಂಗಳಾದ ಮೇಲೆ ಬಂದರೆ ಅವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಇನ್ನೊಂದು ತೊಡಕು ದೊಡ್ಡದು. ನಮ್ಮ ಮೇಷ್ಟ್ರನ್ನು ಬಲ್ಲ ಶಾಲೆಯಲ್ಲಿ ಟೆಸ್ಟ್ ಗೆದ್ದಿತು ಅಂತ ಗುಬ್ಬಿ, ಕೊರಟಗೆರೆಯಲ್ಲೂ ಹತ್ತು ಟೆಸ್ಟ್ ಇಟ್ಟರೆ ಅಲ್ಲಿ ಮಕ್ಕಳು ಬಂದು ಬರೀತಾರೆ, ಸೇರಲ್ಲ. ದಿನಾ ಬಸ್ಸಿನಲ್ಲಿ ಓಡಾಡುವ ಪ್ರಶ್ನೆ ಇದೆ ಅಲ್ವಾ?

ಅದರ ಬದಲು ಕಳೆದ ಎರಡು ವರ್ಷದ ಅಡ್ಮಿಷನ್ ರಿಜಿಸ್ಟರ್ ತೆಗೆಯಿರಿ. ಪ್ರತಿ ಪೋಷಕರಿಗೆ ಫೋನ್ ಮಾಡಿ, ಮೊದಲು ಯಾರಿಂದ ಕೇಳಿದ್ರಿ, ಯಾಕೆ ಸೇರಿಸಿದ್ರಿ ಅಂತ ಕೇಳಿ. ಎಂಬತ್ತು ಮನೆಗಳ ಉತ್ತರ ಆರು ಅಡ್ಮಿಷನ್ನಿಗಿಂತ ಗಟ್ಟಿ, ಖರ್ಚೂ ಇಲ್ಲ. ಅದರಲ್ಲಿ ಮೇಲೆ ಬಂದ ಎರಡು ದಾರಿಗೆ ದುಡ್ಡು ಹಾಕಿ. ವಾರಕ್ಕೊಮ್ಮೆ ಡೆಮೊ ಕ್ಲಾಸಿಗೆ ಬಂದವರನ್ನು ಎಣಿಸಿ, ಇಳಿದರೆ ಅವತ್ತೇ ನಿಲ್ಲಿಸಿ.