ಫೋಟೋ ತೆಗೆಯೋದಾದ್ರೆ ನೆಟ್ಟಗೆ ತೆಗೀರಪ್ಪಾ!

ಮೊನ್ನೆ ನಮ್ಮ ಮಾವ ಲಂಡನ್ನಿಗೆ ಬಂದಿಳಿದರು. ನಮ್ಮ ಮನೆ ಎಜ್ವೇರ್‌ನಲ್ಲಿ. ಹೀಥ್ರೂನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಗೋಡೆ ಮೇಲಿನ ಟ್ಯೂಬ್ ಮ್ಯಾಪಂತೆ, ಅಂದ್ರೆ ಇಲ್ಲಿನ ನೆಲದಡಿ ರೈಲಿನ ನಕ್ಷೆ. ಸೊಟ್ಟಗೆ, ನಡುವೆ ಫ್ಲ್ಯಾಶ್ ಬೆಳಕು, ಮೇಲಿನ ತುದಿ ಕಟ್. ಕೆಳಗಿದ್ದ ಬಣ್ಣಗಳ ಪಟ್ಟಿಯೂ ಇಲ್ಲ. 'ನಿಮ್ಮೂರು ಸಿಕ್ತು, ಬರ್ತಿದ್ದೀನಿ' ಅಂತ ಬೇರೆ.

ನನಗೆ ಎದೆ ಧಸಕ್ ಅಂತು. ಆ ಫೋಟೋದಲ್ಲಿ ಇದ್ದದ್ದು ಎಜ್ವೇರ್ ರೋಡ್. ನಮ್ಮ ಎಜ್ವೇರ್ ಇರೋದು ಅವರು ಕತ್ತರಿಸಿ ಹಾಕಿದ ಮೇಲಿನ ತುದಿಯಲ್ಲಿ! ಮೊದಲನೆಯದು ಊರ ನಡುವೆ, ಟಿಕೆಟ್ ದರದ ವಲಯ 1ರಲ್ಲಿ. ಇನ್ನೊಂದು ವಲಯ 5ರಲ್ಲಿ. ಫೋನ್ ಮಾಡಿದೆ, ಸಿಗಲಿಲ್ಲ. ಸುರಂಗದಲ್ಲಿದ್ದರು.

ಆಮೇಲೆ ಅವರೇ ಮಾಡಿದರು. ಎಜ್ವೇರ್ ರೋಡಿನಲ್ಲಿ ಇಳಿದು, ಕಾರ್ಡ್ ತಾಗಿಸಿ ಹೊರಗೂ ಬಂದಾಗಿತ್ತು. ಸಿಟ್ಟು ನುಂಗಿಕೊಂಡು ಹೇಳಿದೆ: "ಮಾವ, ಮತ್ತೆ ಒಳಗೆ ಹೋಗಿ. ಕಂದು ಬಣ್ಣದ ಬೇಕರ್‌ಲೂ ಲೈನ್, ದಕ್ಷಿಣದ ಕಡೆ. ಚೇರಿಂಗ್ ಕ್ರಾಸ್‌ನಲ್ಲಿ ಇಳಿದು ಕಪ್ಪು ಬಣ್ಣದ ನಾರ್ದರ್ನ್ ಲೈನ್ ಹಿಡೀರಿ, ಉತ್ತರದ ಕಡೆ. ಮ್ಯಾಪ್‌ನಲ್ಲಿ ಬಿಳಿ ಉಂಗುರ ಇರೋ ಕಡೆ ಲೈನ್ ಬದಲಾಯಿಸಬಹುದು."

"ಕಪ್ಪು ಎಲ್ಲಿದೆಯೋ? ಎರಡೂ ಒಂದೇ ಥರ ಕಾಣ್ತವಲ್ಲ!" ಅಂದರು. ಕಾಣದೆ ಏನು? ಪಿಕಡಿಲಿ ಲೈನಿನದು ಕಡು ನೀಲಿ. ಆ ಮಬ್ಬು ಫೋಟೋದಲ್ಲಿ ಅದೂ ಕಪ್ಪೇ!

ಸರಿ, ಮುಗೀತು ಅಂದುಕೊಂಡೆ. ಇಲ್ಲ. ಈಸ್ಟ್ ಫಿಂಚ್ಲಿಯಿಂದ ಫೋನ್! ರೈಲು ನೆಲದ ಮೇಲೆ ಬಂದಿದ್ದಕ್ಕೆ ಸಿಗ್ನಲ್ ಸಿಕ್ಕಿತ್ತು. "ಕಪ್ಪು ಲೈನೇ ಕಣೋ, ಉತ್ತರಕ್ಕೇ ಹೋಗ್ತಿದೆ!" ಅಂತ ನನ್ನ ಮೇಲೇ ರೇಗಿದರು. ಕ್ಯಾಮ್ಡನ್ ಟೌನ್‌ನಲ್ಲಿ ಆ ಕಪ್ಪು ಗೆರೆ ಎರಡಾಗಿ ಸೀಳುತ್ತೆ. ಒಂದು ಎಜ್ವೇರ್‌ಗೆ, ಇನ್ನೊಂದು ಹೈ ಬಾರ್ನೆಟ್ ಕಡೆಗೆ. ಲೈನಿನ ಹೆಸರು, ದಿಕ್ಕು ಎರಡೂ ಸರಿ ಇದ್ದರೂ ರೈಲಿನ ಮೂತಿ ಮೇಲೆ ಬರೆದ ಕೊನೇ ನಿಲ್ದಾಣ ಓದದೆ ಹತ್ತಿದರೆ ಹೀಗೇ. ಈ ಕವಲು ಕೂಡ ಇದ್ದದ್ದು ಆ ಕಟ್ಟಾದ ತುದಿಯಲ್ಲೇ.

ನನ್ನ ತಪ್ಪೂ ಇದೆ ಬಿಡಿ, ಮೊದಲೇ ಹೇಳಬೇಕಿತ್ತು. ವಾಪಸ್ ಕ್ಯಾಮ್ಡನ್ ಟೌನ್‌ಗೆ ಬಂದು ಎಜ್ವೇರ್ ಅಂತ ಬರೆದ ರೈಲು ಹತ್ತಿ, ಗೇಟು ಮಾತ್ರ ದಾಟಬೇಡಿ ಅಂದೆ.

ಮನೆಗೆ ಬಂದವರ ಮೊದಲ ಮಾತೇ, "ಎರಡು ಸಲ ದುಡ್ಡು ಕಿತ್ತರು!" ಕೀಳದೆ? ಹೀಥ್ರೂ ಇರೋ ವಲಯ 6ರಿಂದ 1ಕ್ಕೆ ಬಂದು ಗೇಟು ದಾಟಿದ್ದು ಒಂದು ಪ್ರಯಾಣ, 1ರಿಂದ 5ಕ್ಕೆ ಬಂದದ್ದು ಇನ್ನೊಂದು. ಮ್ಯಾಪ್‌ನಲ್ಲಿ ವಲಯಗಳು ಬಿಳಿ, ಬೂದು ಪಟ್ಟೆಗಳಾಗಿ ಇರ್ತವೆ ಅಂತ ತೋರಿಸೋಕೆ ಅವರ ಫೋಟೋನೇ ತೆರೆದೆ. ಫ್ಲ್ಯಾಶ್ ಬಿದ್ದು ಬೂದು ಎಲ್ಲಾ ಬೆಳ್ಳಗಾಗಿತ್ತು.

ನಾಳೆ ಗ್ರೀನಿಚ್‌ಗೆ ಹೋಗ್ತಾರಂತೆ. ಆಗಲೇ ಇನ್ನೊಂದು ಫೋಟೋ ಕಳಿಸಿದ್ದಾರೆ. ಅರ್ಧ ಮ್ಯಾಪ್, ಅರ್ಧ ಹೆಬ್ಬೆರಳು.