ಕೊಲೆಸ್ಟ್ರಾಲ್ ಜಾಸ್ತಿ ಬಂದರೆ ಮಟನ್ ಬಿಟ್ಟು ಮೀನಿಗೆ ಹೋಗಬೇಕಾ?

ಪರ: ಹೋಗಬೇಕು, ವಾರಕ್ಕೆ ಎರಡು ಸಲವಾದರೂ

ನಮ್ಮ ಮಂಡ್ಯ ಕಡೆ ಭಾನುವಾರ ಅಂದರೆ ಮಟನ್. ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಒಂಚೂರು ಕೊಬ್ಬು ಸೇರಿಸಪ್ಪಾ, ಸಾರಿಗೆ ರುಚಿ ಬರುತ್ತೆ" ಎಂದು ಕೇಳಿ ಹಾಕಿಸಿಕೊಳ್ಳುವವರೇ ಜಾಸ್ತಿ. ತಕ್ಕಡಿಗೆ ಬಿಳಿ ತುಂಡೊಂದು ಬೀಳುತ್ತದೆ. ನನ್ನ ತಕರಾರು ಮುಖ್ಯವಾಗಿ ಆ ತುಂಡಿನ ಮೇಲೆ.

ರಕ್ತದಲ್ಲಿ ಓಡಾಡುವ, ಕೆಟ್ಟ ಕೊಲೆಸ್ಟ್ರಾಲ್ ಅನ್ನಿಸಿಕೊಂಡ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಅದಕ್ಕೆಂದೇ ಯಕೃತ್ತಿನ ಜೀವಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಆ ಬಿಳಿ ತುಂಡಿನಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ಗ್ರಾಹಕಗಳು ಕಡಿಮೆಯಾಗುತ್ತವೆ. ಆಗ ಎಲ್‌ಡಿಎಲ್ ರಕ್ತದಲ್ಲೇ ಉಳಿದು ಸುತ್ತುತ್ತದೆ, ರಿಪೋರ್ಟಿನಲ್ಲಿ ಸಂಖ್ಯೆ ಏರುತ್ತದೆ. ಮಾಂಸದಲ್ಲಿರುವ ಕೊಲೆಸ್ಟ್ರಾಲಿಗಿಂತ ಈ ಕೊಬ್ಬಿನ ಕೈವಾಡವೇ ದೊಡ್ಡದು.

ಲೆಕ್ಕ ಹಾಕೋಣ. ದಿನಕ್ಕೆ 2000 ಕ್ಯಾಲರಿ ತಿನ್ನುವವರು ಎಲ್‌ಡಿಎಲ್ ಇಳಿಸಬೇಕಾದರೆ ಸ್ಯಾಚುರೇಟೆಡ್ ಕೊಬ್ಬನ್ನು ಸುಮಾರು 13 ಗ್ರಾಂ ಒಳಗೆ ಇಟ್ಟುಕೊಳ್ಳಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಕೊಬ್ಬಿರುವ ಕುರಿ ಮಾಂಸದಲ್ಲಿ 100 ಗ್ರಾಂಗೆ 8–9 ಗ್ರಾಂ ಇರುತ್ತದೆ. ಭಾನುವಾರ ಒಬ್ಬರೇ 250 ಗ್ರಾಂ ತಿಂದರೆ 20 ದಾಟಿತು. ಸಾರಿನ ಮೇಲೆ ತೇಲುವ ಎಣ್ಣೆ, ಜೊತೆಗಿನ ಕೈಮಾ ಉಂಡೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ವಾರಕ್ಕೊಂದು ದಿನ ತಾನೇ ಅನ್ನಬಹುದು. ಆದರೆ ರಾತ್ರಿಗೂ ಅದೇ ಸಾರು, ಸೋಮವಾರ ಬೆಳಗ್ಗೆ ಮುದ್ದೆಗೂ ಅದೇ ಸಾರು. ನಮ್ಮ ಮನೆಗಳ ಕಥೆ ನಮಗೆ ಗೊತ್ತಿಲ್ವಾ?

ಮೀನಿನ ದಾರಿಯೇ ಬೇರೆ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ 100 ಗ್ರಾಂಗೆ ಸುಮಾರು 1ರಿಂದ 2 ಗ್ರಾಂ ಒಮೆಗಾ-3 ಸಿಗುತ್ತದೆ. ಯಕೃತ್ತು ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬು ತುಂಬಿದ ಕಣಗಳನ್ನು ಕಟ್ಟಿ ರಕ್ತಕ್ಕೆ ಕಳಿಸುತ್ತದಲ್ಲ, ಒಮೆಗಾ-3 ಆ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಅನ್ನ, ಮುದ್ದೆ ಜಾಸ್ತಿ ತಿಂದು ಹೊಟ್ಟೆ ಬೆಳೆಸಿಕೊಂಡ ನಮ್ಮಂಥವರಲ್ಲಿ ಟ್ರೈಗ್ಲಿಸರೈಡ್ ಮೇಲೆ, ಒಳ್ಳೆ ಕೊಲೆಸ್ಟ್ರಾಲ್ ಅನ್ನಿಸಿಕೊಂಡ ಎಚ್‌ಡಿಎಲ್ ಕೆಳಗೆ ಇರುವುದು ಸಾಮಾನ್ಯ. ಹಾಗಾಗಿ ಮೀನಿನ ಲಾಭ ನಮಗೆ ಜಾಸ್ತಿಯೇ ಹೊಂದುತ್ತದೆ. ವಾರಕ್ಕೆ ಎರಡು ಸಲ, ಬೇಯಿಸಿದ ಮೇಲೆ ಸುಮಾರು 85 ಗ್ರಾಂನಷ್ಟು ತಿಂದರೆ ಸಾಕು. ದುಬಾರಿ ಅಂಜಲ್ ಬೇಕಿಲ್ಲ. ಅಗ್ಗದ ಬೂತಾಯಿಯೇ ಇಲ್ಲಿ ರಾಜ.

ಸಾಸೇಜ್, ಸಲಾಮಿ ವಿಚಾರದಲ್ಲಿ ವಾದವೇ ಬೇಡ. ಹಲವು ದೇಶಗಳಲ್ಲಿ ನಡೆದು 2021ರಲ್ಲಿ ಬಂದ ಪ್ಯೂರ್ ಅಧ್ಯಯನದಲ್ಲಿ, ಸಂಸ್ಕರಿಸಿದ ಮಾಂಸವನ್ನು ವಾರಕ್ಕೆ 150 ಗ್ರಾಂ ಅಥವಾ ಜಾಸ್ತಿ ತಿನ್ನುವವರಿಗೆ ಹೃದಯ-ರಕ್ತನಾಳದ ಕಾಯಿಲೆಯ ಅಪಾಯ, ತಿನ್ನದವರಿಗಿಂತ ಶೇ. 46ರಷ್ಟು ಹೆಚ್ಚು ಕಂಡಿತು. ಚಿಕನ್ ಸಾಸೇಜ್ ಅಲ್ವಾ, ಪರವಾಗಿಲ್ಲ ಅಂತ ಮಕ್ಕಳ ಡಬ್ಬಿಗೆ ತುಂಬುವುದನ್ನು ಮೊದಲು ನಿಲ್ಲಿಸಿ.

ವಿರೋಧ: ಮೀನು ತಿನ್ನಿ, ಆದರೆ ಎಲ್‌ಡಿಎಲ್ ಇಳಿಯುತ್ತದೆ ಅಂತ ಅಲ್ಲ

ನಾನು ಮೀನಿನ ಊರಿನವನು, ಮೀನಿನ ವಿರುದ್ಧ ಬರೆಯುವುದು ನನಗೇ ಕಷ್ಟ. ಆದರೂ ಮೇಲಿನ ವಾದದಲ್ಲಿ ಎರಡು ಬೇರೆ ಬೇರೆ ಸಂಖ್ಯೆಗಳು ಬೆರೆತುಹೋಗಿವೆ. ಕೊಬ್ಬಿನ ಮಟನ್ ಏರಿಸುವುದು ಎಲ್‌ಡಿಎಲ್. ಮೀನು ಇಳಿಸುವುದು ಟ್ರೈಗ್ಲಿಸರೈಡ್. ಎಲ್‌ಡಿಎಲ್‌ಗೆ ಮೀನು ಮದ್ದಲ್ಲ.

ಕೆಂಪು ಮಾಂಸ, ಅಂದರೆ ಮಟನ್, ಬೀಫ್‌ನಂಥದ್ದರ ಬಗ್ಗೆ ನಡೆದ 36 ಪ್ರಯೋಗಗಳನ್ನು 2019ರಲ್ಲಿ ಸಂಶೋಧಕರು ಒಟ್ಟು ಮಾಡಿ ನೋಡಿದರು. ಕೆಂಪು ಮಾಂಸವನ್ನು ಬೇಳೆ, ಸೋಯಾ, ಕಾಳುಗಳಂಥ ಸಸ್ಯದ ಪ್ರೋಟೀನಿಗೆ ಹೋಲಿಸಿದಾಗ ಎಲ್‌ಡಿಎಲ್‌ನಲ್ಲಿ ಗೆದ್ದದ್ದು ಸಸ್ಯ. ಮೀನಿಗೆ ಹೋಲಿಸಿದಾಗ ಎಲ್‌ಡಿಎಲ್ ಹೆಚ್ಚು ಇಳಿದದ್ದು ಕೆಂಪು ಮಾಂಸ ತಿಂದವರಲ್ಲಿ! ಎಚ್‌ಡಿಎಲ್ ಕೂಡ ಅವರಲ್ಲೇ ಹೆಚ್ಚು ಇಳಿದಿತ್ತು ಅನ್ನುವುದು ಬೇರೆ ಮಾತು. ಅದೇ ವರ್ಷ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಕೆಂಪು ಮಾಂಸ ಮತ್ತು ಕೋಳಿಯ ನಡುವೆ ಎಲ್‌ಡಿಎಲ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮಟನ್ ಬಿಟ್ಟೆ, ಈಗ ಬರೀ ಚಿಕನ್ ಅನ್ನುವವರಿಗೆ ಇದು ಗೊತ್ತಿರಲಿ.

ಇದು ರಿಪೋರ್ಟಿನಲ್ಲಿ ಹೇಗೆ ಕಾಣುತ್ತದೆ ನೋಡಿ. ಒಬ್ಬರಿಗೆ ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 260 ಇದೆ ಅಂದುಕೊಳ್ಳಿ. ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ. ಒಟ್ಟಿನಲ್ಲಿ ಎಚ್‌ಡಿಎಲ್ ಕಳೆಯುವುದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. 228ರಲ್ಲಿ 38 ಹೋಯಿತು, 52 ಹೋಯಿತು, ಉಳಿದದ್ದು 138. ಮೂರು ತಿಂಗಳು ಬಂಗುಡೆ ತಿಂದು, ಅನ್ನ ಕಡಿಮೆ ಮಾಡಿದರು. ಈಗ ಒಟ್ಟು 225, ಎಚ್‌ಡಿಎಲ್ 39, ಟ್ರೈಗ್ಲಿಸರೈಡ್ 210. ಲೆಕ್ಕ ಹಾಕಿದರೆ ಎಲ್‌ಡಿಎಲ್ 144. ಏರಿತು! ಮನೆಯವರು ಗಾಬರಿ.

ಗಾಬರಿ ಬೇಡ. ಒಟ್ಟಿನಲ್ಲಿ ಎಚ್‌ಡಿಎಲ್ ಮಾತ್ರ ಕಳೆದು ನೋಡಿ. ಮೊದಲು 190, ಈಗ 186. ಇದನ್ನು ನಾನ್-ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳಕ್ಕೆ ಅಂಟುವ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುತ್ತದೆ, ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಇದನ್ನೇ ನೋಡಬೇಕು. ಹದಗೆಟ್ಟಿಲ್ಲ, ಸ್ವಲ್ಪ ಇಳಿದಿದೆ. ಆದರೆ 186 ಇನ್ನೂ ಜಾಸ್ತಿಯೇ. ಮೀನನ್ನು ನಂಬಿ ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರ್ ಕೊಟ್ಟ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿದರೆ ಪೆಟ್ಟು ಬೀಳುವುದು ಇಲ್ಲೇ.

ಇನ್ನು ನಮ್ಮ ಅಡುಗೆ. ಮೀನೊಂದೇ ತಟ್ಟೆಗೆ ಬರುವುದಿಲ್ಲ. ಕರಾವಳಿಯ ಪುಳಿಮುಂಚಿಯಲ್ಲಿ ತೆಂಗಿನಕಾಯಿ ಹೆಚ್ಚಿರುವುದಿಲ್ಲ, ಒಪ್ಪುತ್ತೇನೆ. ಗಸಿ ಹಾಗಲ್ಲ. 100 ಗ್ರಾಂ ಹಸಿ ಕಾಯಿತುರಿಯಲ್ಲೇ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ, ಅರೆದು ಹಾಕಿದರೆ ಅದೆಲ್ಲ ಸಾರಿನಲ್ಲೇ ಉಳಿಯುತ್ತದೆ. ಅದರ ಮೇಲೆ ತೆಂಗಿನೆಣ್ಣೆಯಲ್ಲಿ ಕರಿದ ಮೀನು. ಮಂಡ್ಯದವರ ಬಿಳಿ ತುಂಡನ್ನು ಬೈದು ನಮ್ಮ ಕಾಯಿಯನ್ನು ಬಿಟ್ಟರೆ ಹೇಗೆ?

ಅತ್ತ ಮಟನ್‌ನಲ್ಲೂ ಒಂದೇ ಜಾತಿ ಇಲ್ಲ. ಕೊಬ್ಬು ಬಿಡಿಸಿದ ಮೇಕೆ ಮಾಂಸದಲ್ಲಿ 100 ಗ್ರಾಂಗೆ ಸ್ಯಾಚುರೇಟೆಡ್ ಕೊಬ್ಬು ಒಂದು ಗ್ರಾಂ ಆಸುಪಾಸು, ಎಷ್ಟೋ ಸಲ ಬೂತಾಯಿಗಿಂತ ಕಡಿಮೆ. ಅಂಗಡಿಯವನಿಗೆ ಕೊಬ್ಬು ತೆಗೆದುಬಿಡಿ ಅಂತ ಹೇಳಿ, ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮೇಲೆ ಗಟ್ಟಿಯಾದ ಬಿಳಿ ಪದರವನ್ನು ಚಮಚದಲ್ಲಿ ಎತ್ತಿ ಎಸೆದರೆ ಅರ್ಧ ಜಗಳ ಮುಗಿಯಿತು. ಮೆದುಳು ಮಾತ್ರ ಬೇಡ, 100 ಗ್ರಾಂನಲ್ಲಿ ಕೊಲೆಸ್ಟ್ರಾಲ್ ಸಾವಿರ ಮಿಲಿಗ್ರಾಂ ದಾಟುತ್ತದೆ.

ಸಾಸೇಜ್ ಬಿಡಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ, ಕಾರಣ ಬೇರೆ. ಅದರ ಕೆಡುಕು ಲಿಪಿಡ್ ರಿಪೋರ್ಟಿನಲ್ಲಿ ಪೂರ್ತಿ ಕಾಣುವುದೇ ಇಲ್ಲ. ಉಪ್ಪು ಜಾಸ್ತಿ, ಹಾಗಾಗಿ ಏರುವುದು ಬಿಪಿ. ಎಲ್‌ಡಿಎಲ್ ಚೆನ್ನಾಗಿದೆ ಅಂತ ಸಲಾಮಿ ತಿನ್ನುವವರು ತಪ್ಪು ಕಾಗದ ನೋಡುತ್ತಿದ್ದಾರೆ. ಉಪ್ಪಿನ ವಿಷಯ ಬಂದರೆ ನಮ್ಮ ಒಣಮೀನೂ ಅದೇ ಸಾಲಿನಲ್ಲಿ ನಿಲ್ಲಬೇಕು. ಹೇಳಲು ಬೇಜಾರು, ಆದರೂ ನಿಜ.

ಊಟ ಬದಲಿಸಿ ಮತ್ತೆ ರಕ್ತ ಕೊಡುವುದಾದರೆ ಎರಡು ಸಲವೂ ಅದೇ ಲ್ಯಾಬ್ ಆಗಲಿ, ರಾತ್ರಿ ಊಟದಿಂದ 10–12 ಗಂಟೆ ಖಾಲಿ ಹೊಟ್ಟೆ ಇರಲಿ. ಭಾನುವಾರ ಬಾಡೂಟ, ಗುಂಡು ಎರಡೂ ಮುಗಿಸಿ ಸೋಮವಾರ ಬೆಳಗ್ಗೆ ಹೋದರೆ ಟ್ರೈಗ್ಲಿಸರೈಡ್ ಸುಮ್ನೆ ಏರಿ ಕೂತಿರುತ್ತದೆ. ಗುರುವಾರವೋ ಶುಕ್ರವಾರವೋ ಹೋಗಿ.